ಗೋಡೆಯ ಮೇಲಿನ ಎಂಟು ಸಾಲು

ಹತ್ತನೇ ತರಗತಿಯ ಗೋಡೆಗಳಲ್ಲಿ ಪರೀಕ್ಷೆ ಹತ್ತಿರವಾದಂತೆ ಪದ್ಯಗಳು ಹುಟ್ಟಿಕೊಳ್ಳುತ್ತವೆ. ಏಳು, ಓದು, ಗೆಲ್ಲು, ಶಿಖರ ಏರು. ವಾರ ಕಳೆಯುವಷ್ಟರಲ್ಲಿ ಮಕ್ಕಳ ಕಣ್ಣು ಅತ್ತ ಹೋಗುವುದೇ ಇಲ್ಲ. ಅಪ್ಪ, ಅಮ್ಮ, ಮೇಷ್ಟ್ರು ಹೇಳಿದ್ದನ್ನೇ ಗೋಡೆಯೂ ಹೇಳಿದರೆ ಯಾರು ಕೇಳುತ್ತಾರೆ?

ಅಂಥ ಪದ್ಯ ಪರೀಕ್ಷಾ ಕೊಠಡಿಯೊಳಗೆ ಹೋಗಿ ಕೂರಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಪ್ರಶ್ನೆಪತ್ರಿಕೆ ಓದಿಕೊಳ್ಳಲೆಂದೇ 15 ನಿಮಿಷ ಕೊಡುತ್ತಾರೆ. ಎದೆ ಹೊಡೆದುಕೊಳ್ಳುವುದು ಹೆಚ್ಚಾಗಿ ಆಗಲೇ. ಅಲ್ಲಿಂದ ಶುರು ಮಾಡಿ ನಾನು ಬರೆದದ್ದು ಇದು:

ಪ್ರಶ್ನೆ ಪತ್ರಿಕೆ ಕೈಗೆ ಬಂದರೆ
ಎದೆಯು ಡವಡವ ಅಂದರೂ
ಬರುವ ಉತ್ತರ ಮೊದಲು ಬರೆದರೆ
ಬೆರಳ ನಡುಕವು ನಿಲ್ಲದೇ?

ಒಂದು ಲೆಕ್ಕವು ಅರ್ಧ ನಿಂತರೆ
ಜಾಗ ಬಿಟ್ಟರೆ ಆಯಿತು;
ಬರೆದವರೆಗಿನ ಹಂತಹಂತಕು
ಅಂಕ ನಿಮ್ಮದೆ ಅಲ್ಲವೇ?

ಇದರ ನಡೆ ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳದು. ‘ಪ್ರಶ್ನೆ’ ಮೂರು, ‘ಪತ್ರಿಕೆ’ ನಾಲ್ಕು, ‘ಕೈಗೆ’ ಮೂರು, ‘ಬಂದರೆ’ ನಾಲ್ಕು. ಕುಮಾರವ್ಯಾಸನ ಭಾಮಿನಿ ಷಟ್ಪದಿಯ ಚಿಕ್ಕ ಸಾಲುಗಳ ನಡೆಯೂ ಇದೇ. ಮಕ್ಕಳು ಪ್ರಸ್ತಾರ ಹಾಕಿ ಬೇಸತ್ತಿರಬಹುದು, ಕಿವಿಗಂತೂ ಅದು ಹಳೆಯ ಪರಿಚಯ. ಹಾಗಾಗಿ ಬಾಯಿಪಾಠ ಮಾಡಿಸಬೇಕಾಗಿಲ್ಲ. ಎರಡು, ನಾಲ್ಕನೆಯ ಸಾಲುಗಳನ್ನು ಮೊಟಕು ಮಾಡಿದ್ದು ಓದುವವರು ಅಲ್ಲಿ ಉಸಿರು ತೆಗೆದುಕೊಳ್ಳಲೆಂದು.

ಪದ್ಯದಲ್ಲಿ ಆಜ್ಞೆ ಒಂದೂ ಇಲ್ಲ. ‘ಬರೆಯಿರಿ’ ಎನ್ನಬೇಕಾದ ಕಡೆ ‘ಬರೆದರೆ’ ಎಂದಿದೆ. ಸಮಾಧಾನದ ಮಾತೂ ಪೊಳ್ಳಲ್ಲ. ಗಣಿತದಲ್ಲಿ ಮೌಲ್ಯಮಾಪಕರು ಹಂತಗಳಿಗೆ ಅಂಕ ಹಾಕುತ್ತಾರೆ, ಕೊನೆಯ ಉತ್ತರ ತಪ್ಪಿದರೂ ಸರಿಯಾದ ಹಂತಗಳ ಅಂಕ ಹೋಗುವುದಿಲ್ಲ. ‘ಎಲ್ಲ ಲೆಕ್ಕವೂ ಹೊಳೆಯುತ್ತದೆ’ ಎಂದು ಬರೆದಿದ್ದರೆ ಮೊದಲ ಕಿರುಪರೀಕ್ಷೆಯಲ್ಲೇ ಪದ್ಯ ಸುಳ್ಳಾಗುತ್ತಿತ್ತು. ‘ಇದೊಂದೇ ಅವಕಾಶ’ ಎಂಬ ಜನಪ್ರಿಯ ಸಾಲಂತೂ ಈಗ ನಿಜವೇ ಅಲ್ಲ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಹೆದರಿಸಿ ಓದಿಸುವವರಿಗೆ ಇದು ಇಷ್ಟವಾಗಲಿಕ್ಕಿಲ್ಲ, ಇರಲಿ.

ಇನ್ನು ಅಕ್ಷರದ ಅಳತೆ. ಹತ್ತು ಅಡಿ ದೂರಕ್ಕೆ ಒಂದು ಅಂಗುಲ ಎತ್ತರ ಎಂದು ಲೆಕ್ಕ ಹಿಡಿದರೆ, ಇಪ್ಪತ್ತು ಅಡಿಯ ಕೊಠಡಿಯ ಕೊನೆಯ ಬೆಂಚಿಗೆ ಎರಡು ಅಂಗುಲದ ಅಕ್ಷರ ಬೇಕು. ಎಂಟು ಸಾಲನ್ನೂ ಒಂದೇ ಚಾರ್ಟಿನಲ್ಲಿ ತುರುಕಿದರೆ ‘ಪತ್ರಿಕೆ’ಯ ಒತ್ತು ಕೆಳಗಿನ ಸಾಲಿಗೆ ಹೊಕ್ಕು ಎರಡೂ ಕೆಡುತ್ತವೆ. ನಾಲ್ಕು ನಾಲ್ಕು ಸಾಲಾಗಿ ಎರಡು ಚಾರ್ಟಿಗೆ ಹಂಚಿ, ಬಿಳಿ ಹಾಳೆಯ ಮೇಲೆ ಕಪ್ಪು ಅಥವಾ ಕಡುನೀಲಿಯಲ್ಲಿ ಬರೆಯಿರಿ. ಹಳದಿ ಸ್ಕೆಚ್‌ಪೆನ್ನು ದೂರಕ್ಕೆ ಕಾಣುವುದಿಲ್ಲ.

ಮೇಷ್ಟ್ರುಗಳಲ್ಲಿ ಒಂದು ವಿನಂತಿ: ಬರೆಯುವ ಕೆಲಸ ಮಕ್ಕಳಿಗೇ ಬಿಡಿ. ಅಂಟಿಸಿದ ಮೇಲೆ ಅದರ ಮೇಲೆ ಪ್ರಶ್ನೆ ಮಾತ್ರ ಕೇಳಬೇಡಿ.