ಒಂದು ಗುಟುಕಿಗೆ ಮುಖ ಕೆಂಪೇರುವುದೇಕೆ?

ಕುಡಿದವನ ಮುಖ ಕೆಂಪೇರಿದರೆ ಅಮಲು ತಲೆಗೇರಿತೆನ್ನುವುದು ವಾಡಿಕೆ. ಆದರೆ ಕೆಲವರಿಗೆ ಒಂದೆರಡು ಗುಟುಕು ಒಳಗೆ ಹೋದ ಕಾಲು ಗಂಟೆಯಲ್ಲಿಯೇ, ಅಮಲೇರುವ ಮೊದಲೇ, ಮುಖ ಕತ್ತುಗಳು ಕಾದು ಕೆಂಪಾಗುತ್ತವೆ, ಎದೆ ಡವಡವನೆ ಬಡಿದುಕೊಳ್ಳುತ್ತದೆ, ತಲೆ ಸಿಡಿಯುತ್ತದೆ, ವಾಂತಿಯಾಗುತ್ತದೆ. ಮೈಬಣ್ಣ ಕಪ್ಪಾಗಿದ್ದವರಲ್ಲಿ ಕೆಂಪು ಕಾಣದೆ ಬರಿಯ ಕಾವಷ್ಟೇ ತಿಳಿಯಬಹುದು. ಇದು ಅಮಲಲ್ಲ, ಒಂದು ಬಗೆಯ ವಿಷಬಾಧೆ. ಅದರ ಮೂಲವಿರುವುದು ಯಕೃತ್ತಿನಲ್ಲಿ. ಕಲಾವಿಭಾಗದ ವಾಚಕರಿಗೂ ತಿಳಿಯುವಂತೆ ಅದನ್ನು ವಿವರಿಸಲು ಯತ್ನಿಸುತ್ತೇನೆ.

ಯಕೃತ್ತು ಮದ್ಯಸಾರವನ್ನು ಎರಡು ಹಂತಗಳಲ್ಲಿ ಒಡೆಯುತ್ತದೆ. ಮೊದಲನೆಯ ಹಂತದಲ್ಲಿ ಒಂದು ಕಿಣ್ವವು ಮದ್ಯಸಾರವನ್ನು ಅಸಿಟಾಲ್ಡಿಹೈಡ್ ಎಂಬ ವಸ್ತುವನ್ನಾಗಿ ಮಾರ್ಪಡಿಸುತ್ತದೆ. ಇದು ಮದ್ಯಸಾರಕ್ಕಿಂತಲೂ ಕೆಟ್ಟ ವಿಷ. ಎರಡನೆಯ ಹಂತದಲ್ಲಿ ಮತ್ತೊಂದು ಕಿಣ್ವವು ಈ ವಿಷವನ್ನು ಅಸಿಟೇಟ್ ಆಗಿ ಬದಲಿಸುತ್ತದೆ. ಅಸಿಟೇಟ್ ನಿರಪಾಯಕಾರಿ, ದೇಹ ಅದನ್ನು ಉರಿಸಿ ನೀರು ಮತ್ತು ಇಂಗಾಲಾಮ್ಲವನ್ನಾಗಿ ಮಾಡಿಕೊಳ್ಳುತ್ತದೆ.

ಕೋಲಾರದ ಟೊಮೆಟೊ ಮಾರುಕಟ್ಟೆಯನ್ನು ನೆನೆಯಿರಿ. ಒಂದು ಬಾಗಿಲಿನಿಂದ ಸರಕು ಬರುತ್ತಿದ್ದು ಇನ್ನೊಂದರಿಂದ ಲಾರಿಗಳು ಹೊರಡುತ್ತಿದ್ದರೆ ಅಂಗಳದಲ್ಲಿ ಏನೂ ಕೊಳೆಯದು. ಹೊರಬಾಗಿಲು ಮುಚ್ಚಿ ಒಳಬಾಗಿಲು ತೆರೆದೇ ಇದ್ದರೆ? ಮುಖ ಕೆಂಪೇರುವವನ ಯಕೃತ್ತಿನಲ್ಲಿ ಆಗುವುದೂ ಇದೇ. ಮೊದಲನೆಯ ಕಿಣ್ವ ವಿಷವನ್ನು ಮಾಡುತ್ತಲೇ ಇರುತ್ತದೆ, ಎರಡನೆಯದು ತೆಗೆಯಲಾರದು. ರಕ್ತದಲ್ಲಿ ಕೂಡಿಕೊಂಡ ಅಸಿಟಾಲ್ಡಿಹೈಡ್ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಅದರಿಂದಲೇ ಮುಖದ ಕಾವು, ಎದೆಬಡಿತ, ರಕ್ತದೊತ್ತಡದ ಕುಸಿತ.

ಎರಡನೆಯ ಕಿಣ್ವ ಕೆಡುವುದು ಎರಡು ರೀತಿಗಳಲ್ಲಿ. ಒಂದು, ಹುಟ್ಟಿನಿಂದ ಬಂದ ಕೊರತೆ. ಜಪಾನ್, ಚೀನಾ, ಕೊರಿಯಾಗಳಲ್ಲಿ ಬಹು ಮಂದಿಗೆ ಇದುಂಟು. ಈ ಕಿಣ್ವ ನಾಲ್ಕು ಬಿಡಿಭಾಗಗಳು ಕೂಡಿ ಆದದ್ದು. ತಂದೆಯಿಂದಲೋ ತಾಯಿಯಿಂದಲೋ ಒಂದೇ ಕಡೆಯಿಂದ ದೋಷ ಬಂದರೂ, ಕೆಟ್ಟ ಭಾಗವು ಒಳ್ಳೆಯ ಭಾಗಗಳೊಡನೆ ಬೆರೆತು ಅವನ್ನೂ ಕುಂಟಿಸುತ್ತದೆ. ಇಂಥವರು ಹಟಕ್ಕೆ ಬಿದ್ದು ಕುಡಿಯುತ್ತಲೇ ಹೋದರೆ ಅನ್ನನಾಳದ ಕ್ಯಾನ್ಸರಿನ ಅಪಾಯ ಬಹಳ ಹೆಚ್ಚು. ಆದರೆ ದಕ್ಷಿಣ ಭಾರತದವರಲ್ಲಿ ಈ ಹುಟ್ಟುದೋಷ ತೀರ ಅಪರೂಪ. ಆದುದರಿಂದ ಮಾಲೂರಿನಲ್ಲೋ ಮುಳಬಾಗಿಲಿನಲ್ಲೋ ಹಿಂದೆ ಹೀಗಾಗದಿದ್ದವನಿಗೆ ಇದ್ದಕ್ಕಿದ್ದಂತೆ ಹೀಗಾದರೆ, ನಾವು ಮೊದಲು ಕೇಳಬೇಕಾದುದು ಎರಡನೆಯ ರೀತಿಯನ್ನು: ಹೊರಗಿನಿಂದ ಯಾವುದು ಬಂದು ಬಾಗಿಲು ಮುಚ್ಚಿತು?

ಹಾಗೆ ಮುಚ್ಚುವ ಪ್ರಸಿದ್ಧ ವಸ್ತು ಡೈಸಲ್ಫಿರಾಮ್. ಡೆನ್ಮಾರ್ಕಿನ ಹಾಲ್ಡ್ ಮತ್ತು ಯಾಕೋಬ್ಸೆನ್ ಎಂಬ ವಿಜ್ಞಾನಿಗಳು ಜಂತುಹುಳುವಿನ ಮದ್ದಿಗಾಗಿ ಇದನ್ನು ತಾವೇ ನುಂಗಿ ನೋಡುತ್ತಿದ್ದರು, ಕುಡಿದಾಗ ಅಸ್ವಸ್ಥರಾದರು. 1948ರಲ್ಲಿ ಅದನ್ನು ಕುಡಿತ ಬಿಡಿಸುವ ಮದ್ದಾಗಿ ಪ್ರಕಟಿಸಿದರು. ಇಂದಿಗೂ ವೈದ್ಯರು, ರೋಗಿಯ ಒಪ್ಪಿಗೆ ಪಡೆದು, ಕೊನೆಯ ಗುಟುಕು ಕುಡಿದು ಕನಿಷ್ಠ 12 ಗಂಟೆಗಳಾದ ಮೇಲೆಯೇ ಇದನ್ನು ಆರಂಭಿಸುತ್ತಾರೆ. ಮಾತ್ರೆ ನಿಲ್ಲಿಸಿದರೂ ಪರಿಣಾಮ ಎರಡು ವಾರದವರೆಗೆ ಇರಬಹುದು. ಏಕೆಂದರೆ ಕೆಟ್ಟ ಕಿಣ್ವ ರಿಪೇರಿಯಾಗದು, ಯಕೃತ್ತು ಹೊಸದನ್ನೇ ಮಾಡಿಕೊಳ್ಳಬೇಕು.

ಇದರ ದಾಯಾದಿಯೊಂದು ನಮ್ಮ ಹೊಲಗಳಲ್ಲಿಯೇ ಇದೆ. ಅದು ಥೈರಮ್, ಬೀಜಕ್ಕೆ ಹಚ್ಚುವ ಶಿಲೀಂಧ್ರನಾಶಕ ಪುಡಿ. ಶ್ರೀನಿವಾಸಪುರದ ಕಡೆಯ ಒಬ್ಬ ರೈತ ಬಿತ್ತನೆಗೆ ಮುಂಚೆ ಕಡಲೆಕಾಯಿ ಬೀಜಕ್ಕೆ, ಕಿಲೋಗೆ 3 ಗ್ರಾಮಿನಂತೆ, ಬರಿಗೈಯಲ್ಲಿ ಥೈರಮ್ ಹಚ್ಚಿದನೆಂದು ಇಟ್ಟುಕೊಳ್ಳೋಣ. ಪುಡಿ ಉಸಿರಿನಿಂದಲೂ ಚರ್ಮದಿಂದಲೂ ಮೈಸೇರುತ್ತದೆ. ಸಂಜೆ ಅವನು 90 ಮಿಲಿಲೀಟರಿನ ವಿಸ್ಕಿಯ ಒಂದು ಪ್ಯಾಕೆಟ್ ಕುಡಿಯುತ್ತಾನೆ. ಅದರಲ್ಲಿ ಸುಮಾರು 30 ಗ್ರಾಂ ಮದ್ಯಸಾರ. ಗಂಟೆಗೆ 7–8 ಗ್ರಾಂ ಒಡೆಯುವ ಯಕೃತ್ತಿಗೆ ಅದು ನಾಲ್ಕು ಗಂಟೆಗಳ ಕೆಲಸ. ಅಷ್ಟು ಹೊತ್ತೂ ವಿಷ ಹುಟ್ಟುತ್ತಿರುತ್ತದೆ. ಮುಖ ಕಾದು ವಾಂತಿಯಾದರೆ ಅವನು ಸರಕೇ ಕೆಟ್ಟದ್ದೆಂದು ಬೈದು, ಮರುದಿನ ಬೇರೆ ಅಂಗಡಿಗೆ ಹೋಗುತ್ತಾನೆ. ಬೀಜದ ಪುಡಿಯ ನೆನಪೇ ಅವನಿಗೆ ಬಾರದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕುಡುಕ ಗಂಡನ ಕಾಟಕ್ಕೆ ಬೇಸತ್ತ ಹೆಂಗಸರು ಡೈಸಲ್ಫಿರಾಮ್ ಮಾತ್ರೆಯನ್ನು ಅವನಿಗೆ ಅರಿಯದಂತೆ ಸಾರಿನಲ್ಲಿ ಕಲಸುವುದುಂಟು. ಅವರ ಸಂಕಟ ನಿಜ. ಆದರೆ ತಿಳಿಯದ ಗಂಡ ಎಂದಿನಂತೆ ಪೂರ್ತಿ ಕುಡಿಯುತ್ತಾನೆ. ರಕ್ತದೊತ್ತಡ ಕುಸಿದು, ಹೃದಯ ದುರ್ಬಲವಾಗಿದ್ದರೆ ಪ್ರಾಣವೇ ಹೋಗಬಹುದು. ಮೈ ತಣ್ಣಗಾಗಿ ಎದೆನೋವೋ ಮೂರ್ಛೆಯೋ ಬಂದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮಾತ್ರೆಯ ಸಂಗತಿಯನ್ನು ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ಅಲರ್ಜಿಯ ಮಾತ್ರೆ ನುಂಗಿ ಕೆಂಪನ್ನು ಅಡಗಿಸುವವರೂ ಇದ್ದಾರೆ. ಅದರಿಂದ ಮುಖದ ಬಣ್ಣ ತಗ್ಗೀತೇ ಹೊರತು ರಕ್ತದಲ್ಲಿನ ವಿಷ ತಗ್ಗುವುದಿಲ್ಲ.