ಕಾಲಿಟ್ಟ ದೇಶ, ಫೋನ್ ಹಿಡಿದ ದೇಶ

ಬೆಂಗಳೂರಿನಿಂದ ಸೇಲಂಗೆ ಹೋಗುವ ಹೆದ್ದಾರಿ ತೊಪ್ಪೂರು ಘಾಟಿಯ ಹತ್ತಿರ ಧರ್ಮಪುರಿ ಜಿಲ್ಲೆಯನ್ನು ಬಿಟ್ಟು ಸೇಲಂ ಜಿಲ್ಲೆಗೆ ಇಳಿಯುತ್ತದೆ. ಈ ದಾರಿಯಲ್ಲಿ ಓಡಾಡುವ ಹಳೆಯ ಲಾರಿ ಚಾಲಕರಿಗೆ ರೋಮಿಂಗ್ ಎಂದರೇನೆಂದು ವಿವರಿಸಬೇಕಾಗಿಲ್ಲ. ಕರ್ನಾಟಕದ ಸಿಮ್ ಹಾಕಿಕೊಂಡು ಅತ್ತಿಬೆಲೆ ದಾಟಿ ಹೊಸೂರಿಗೆ ಬಂದರೆ ಸಾಕು, ಬಂದ ಕರೆಗೂ ದುಡ್ಡು ಹೋಗುತ್ತಿತ್ತು. 2017ರ ಹೊತ್ತಿಗೆ ದೇಶದೊಳಗಿನ ಆ ಶುಲ್ಕ ಹೆಚ್ಚುಕಡಿಮೆ ಮಾಯವಾಯಿತು. ಗಡಿ ದಾಟಿದರೆ ಲೆಕ್ಕ ಬದಲಾಗುತ್ತದೆ ಎಂಬ ನಿಯಮ ಮಾತ್ರ ಹೋಗಲಿಲ್ಲ, ಅದು ದೇಶದ ಗಡಿಗೆ ಸರಿಯಿತು.

ತೊಪ್ಪೂರಿನ ಕಡೆಯಿಂದ ಒಂದು ಕುಟುಂಬ ತಿರುಚಿರಾಪಳ್ಳಿಯ ವಿಮಾನ ಹತ್ತಿ ಸಿಂಗಪುರಕ್ಕೆ ಹೊರಟಿದೆ ಎಂದುಕೊಳ್ಳೋಣ. ಶುಕ್ರವಾರ ರಾತ್ರಿ ಹೋಗಿ ಸೋಮವಾರ ಮಧ್ಯಾಹ್ನ ವಾಪಸ್. ನಡುವೆ ಒಂದು ದಿನ ಬಸ್ಸಿನಲ್ಲಿ ಮಲೇಷ್ಯಾದ ಜೊಹೋರ್ ಬಾರು ನೋಡಿ ಬರುವ ಆಸೆ. ಅಂತರರಾಷ್ಟ್ರೀಯ ರೋಮಿಂಗ್ ಪ್ಯಾಕ್ ಹಾಕಿಸಿದ್ದಾರೆ: ಮೂರು ದಿನ, ಒಟ್ಟು ಒಂದು ಜಿಬಿ, ದೇಶ ಸಿಂಗಪುರ. ಓದಲು ಇಷ್ಟು ಸರಳ. ಆದರೆ ದಿನ, ಜಿಬಿ, ದೇಶ ಎಂಬ ಈ ಮೂರೂ ನಾವು ಅಂದುಕೊಂಡ ಅರ್ಥದಲ್ಲೇ ಇರುತ್ತವೆ ಎಂದೇನಿಲ್ಲ.

ಮೊದಲು ದಿನ. ಕೆಲವು ಪ್ಯಾಕ್‌ಗಳಲ್ಲಿ ದಿನವೆಂದರೆ 24 ಗಂಟೆ. ಹೊರದೇಶದ ನೆಟ್‌ವರ್ಕ್‌ನಲ್ಲಿ ಫೋನ್ ಮೊದಲ ಬಾರಿ ಬಳಕೆಯಾದ ಕ್ಷಣದಿಂದ ಎಣಿಕೆ. ಇನ್ನು ಕೆಲವದರಲ್ಲಿ ದಿನವೆಂದರೆ ತಾರೀಕು, ಅದೂ ಭಾರತದ ಗಡಿಯಾರದ ತಾರೀಕು. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಕುಟುಂಬ ಅಲ್ಲಿನ ರಾತ್ರಿ ಹತ್ತಕ್ಕೆ ಇಳಿದಾಗ ಇಲ್ಲಿ ಏಳೂವರೆ. ತಾರೀಕಿನ ಲೆಕ್ಕದಲ್ಲಿ ಮೊದಲ 'ದಿನ' ನಾಲ್ಕೂವರೆ ಗಂಟೆಯಲ್ಲೇ ಮುಗಿದುಹೋಗುತ್ತದೆ. ಶುಕ್ರ, ಶನಿ, ಭಾನು ಕಳೆದರೆ ಪ್ಯಾಕ್ ಖತಂ. ಅಂದರೆ ಸಿಂಗಪುರದಲ್ಲಿ ಸೋಮವಾರ ನಸುಕಿನ ಎರಡೂವರೆಗೆ ಡೇಟಾ ನಿಲ್ಲುತ್ತದೆ, ಬೆಳಿಗ್ಗೆ ಏರ್‌ಪೋರ್ಟ್‌ಗೆ ಟ್ಯಾಕ್ಸಿ ಕರೆಯುವ ಹೊತ್ತಿಗೆ ಆ್ಯಪ್ ತೆರೆಯುವುದಿಲ್ಲ. ಅದೇ 24 ಗಂಟೆಯ ಲೆಕ್ಕವಾದರೆ ಸೋಮವಾರ ರಾತ್ರಿ ಹತ್ತರವರೆಗೂ ಚಾಲ್ತಿ, ಪ್ರಯಾಣ ಪೂರ್ತಿ ಅದರೊಳಗೆ ಬರುತ್ತದೆ. ಬೆಲೆ ನೋಡುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ಜೊತೆಗೆ ಇನ್ನೊಂದನ್ನೂ ಕೇಳಿಕೊಳ್ಳಬೇಕು: ಎಣಿಕೆ ರೀಚಾರ್ಜ್ ಮಾಡಿದಾಗಿನಿಂದಲೋ, ಹೊರದೇಶದ ನೆಟ್‌ವರ್ಕ್ ಹಿಡಿದಾಗಿನಿಂದಲೋ? ರೀಚಾರ್ಜ್‌ನಿಂದ ಎಂದಾದರೆ ಮನೆಯಲ್ಲಿ ಕೂತು ಎರಡು ದಿನ ಮೊದಲೇ ಹಾಕಿಸಿದವರ ಎರಡು ದಿನ ಊರಲ್ಲೇ ಕಳೆದುಹೋಗಿರುತ್ತದೆ.

ಡೇಟಾದ ವಿಷಯದಲ್ಲಿ ಹೆಚ್ಚಿನವರನ್ನು ಕಾಡುವುದು ಫೋಟೊಗಳು. ಈಗಿನ ಫೋನಿನ ಒಂದು ಫೋಟೊ ಸುಮಾರು ನಾಲ್ಕು ಎಂಬಿ. ದಿನಕ್ಕೆ ನೂರು ತೆಗೆದು, ಅವು ತಾವಾಗಿಯೇ ಕ್ಲೌಡ್‌ಗೆ ಹೋಗುವಂತೆ ಬಿಟ್ಟಿದ್ದರೆ ದಿನಕ್ಕೆ 400 ಎಂಬಿ. ಮೂರನೆಯ ದಿನದ ಮಧ್ಯೆ ಒಂದು ಜಿಬಿ ಮುಗಿಯುತ್ತದೆ, ಒಂದು ವಿಡಿಯೊ ಕಾಲ್ ಕೂಡ ಮಾಡಿರದಿದ್ದರೂ. ಆಮೇಲೆ ಏನಾಗುತ್ತದೆ ಎಂಬುದು ಪ್ಯಾಕ್‌ನಿಂದ ಪ್ಯಾಕ್‌ಗೆ ಬೇರೆ. ಒಂದರಲ್ಲಿ ಡೇಟಾ ನಿಂತುಹೋಗುತ್ತದೆ. ಇನ್ನೊಂದರಲ್ಲಿ ಪ್ಯಾಕ್ ಇಲ್ಲದವರ ದರ ಶುರುವಾಗುತ್ತದೆ. ಮತ್ತೊಂದು 'ಅನ್‌ಲಿಮಿಟೆಡ್' ಎಂದು ಹೇಳಿಕೊಂಡು ವೇಗವನ್ನು ಇಳಿಸುತ್ತದೆ. ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಸಿದರು ಎನ್ನಿ. ಅದು ಎಂಟು ಕಿಲೋಬೈಟ್. ಆ ವೇಗದಲ್ಲಿ ನಾಲ್ಕು ಎಂಬಿಯ ಒಂದೇ ಫೋಟೊ ಕಳಿಸಲು ಎಂಟು ನಿಮಿಷಕ್ಕೂ ಹೆಚ್ಚು ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಅಕ್ಷರದ ಸಂದೇಶ ಹೋಗುತ್ತದೆ, ಮ್ಯಾಪ್ ಮಾತ್ರ ತಿರುಗುತ್ತಲೇ ಇರುತ್ತದೆ.

ಈ ಡೇಟಾ ದುಬಾರಿಯಾಗಲು ಕಾರಣವೂ ಇದೆ. ಸಿಂಗಪುರದ ಟವರ್ ನಿಮ್ಮ ಫೋನನ್ನು ಸೇರಿಸಿಕೊಳ್ಳುವ ಮುನ್ನ ಭಾರತದಲ್ಲಿರುವ ನಿಮ್ಮ ಕಂಪನಿಯ ಚಂದಾದಾರರ ದಾಖಲೆಯನ್ನು ಕೇಳಿ ಒಪ್ಪಿಗೆ ಪಡೆಯುತ್ತದೆ. ಆಮೇಲೂ ನಿಮ್ಮ ಇಂಟರ್ನೆಟ್ ಸಾಮಾನ್ಯವಾಗಿ ಅಲ್ಲಿಂದಲೇ ನೇರ ಹೊರಡುವುದಿಲ್ಲ. ಟವರ್‌ನಿಂದ ಖಾಸಗಿ ಅಂತರರಾಷ್ಟ್ರೀಯ ಜಾಲದ ಮೂಲಕ ಭಾರತಕ್ಕೆ ಬಂದು, ನಿಮ್ಮ ಕಂಪನಿಯ ದ್ವಾರ ದಾಟಿ, ಮತ್ತೆ ಹೊರಗೆ ಹೋಗುತ್ತದೆ. ಸಿಂಗಪುರದಲ್ಲಿ ಕೂತು ಸಿಂಗಪುರದ್ದೇ ವೆಬ್‌ಸೈಟ್ ತೆರೆದರೂ ಮಾಹಿತಿ ಸಮುದ್ರ ದಾಟಿ ಬಂದು ಹೋಗುತ್ತದೆ. ಆ ವೆಬ್‌ಸೈಟ್‌ಗೆ ನೀವು ಭಾರತದಲ್ಲಿರುವಂತೆಯೇ ಕಾಣುತ್ತೀರಿ. ಅಲ್ಲಿನ ಕಂಪನಿಗೆ ನಿಮ್ಮ ಕಂಪನಿ ತೆರಬೇಕಾದ ಸಗಟು ದರವನ್ನು ಇಬ್ಬರೂ ಚೌಕಾಸಿ ಮಾಡಿ ಗೊತ್ತುಮಾಡಿಕೊಂಡಿರುತ್ತಾರೆ. ಒಪ್ಪಂದ ಚೆನ್ನಾಗಿ ಕುದುರಿದ ದೇಶ ಪ್ಯಾಕ್‌ನ ಪಟ್ಟಿಯೊಳಗೆ ಬರುತ್ತದೆ, ಕುದುರದ ದೇಶ ಹೊರಗೆ ಉಳಿಯುತ್ತದೆ. ಯುರೋಪಿನ ಪ್ಯಾಕ್ ಕೊಂಡವರು ಸ್ವಿಟ್ಜರ್ಲೆಂಡ್ ಅದರಲ್ಲಿದೆಯೇ ಎಂದು ಬೇರೆಯಾಗಿ ನೋಡಿಕೊಳ್ಳಬೇಕಾದದ್ದು ಇದಕ್ಕೇ. ಅದು ಯುರೋಪಿನಲ್ಲಿದೆ, ಯುರೋಪಿಯನ್ ಒಕ್ಕೂಟದಲ್ಲಿಲ್ಲ.

ನನಗೆ ಅತಿ ಮುಖ್ಯವೆನಿಸುವುದು ದೇಶದ ಪ್ರಶ್ನೆಯ ಇನ್ನೊಂದು ಮುಖ. ಪ್ಯಾಕ್‌ನ ಲೆಕ್ಕಕ್ಕೆ ನೀವು ನಿಂತ ನೆಲ ಬೇಕಿಲ್ಲ, ಫೋನ್ ಹಿಡಿದ ಟವರ್ ಬೇಕು. ಪ್ರತಿ ಟವರ್ ತನ್ನ ದೇಶದ ಮೂರಂಕಿಯ ಸಂಕೇತವನ್ನು ಸದಾ ಪ್ರಸಾರ ಮಾಡುತ್ತಿರುತ್ತದೆ: ಭಾರತದ್ದು 404 ಮತ್ತು 405, ಸಿಂಗಪುರದ್ದು 525, ಮಲೇಷ್ಯಾದ್ದು 502. ಕಂಪನಿಯ ಬಿಲ್ಲಿಂಗ್ ವ್ಯವಸ್ಥೆ ನೋಡುವುದು ಈ ಅಂಕಿಯನ್ನೇ. ಸಿಂಗಪುರದ ಉತ್ತರದ ವುಡ್‌ಲ್ಯಾಂಡ್ಸ್‌ಗೂ ಜೊಹೋರ್ ಬಾರುವಿಗೂ ನಡುವೆ ಇರುವುದು ಒಂದು ಕಿಲೋಮೀಟರ್ ಚಿಲ್ಲರೆ ಉದ್ದದ ಸೇತುರಸ್ತೆ. ರೇಡಿಯೊ ಅಲೆಗಳಿಗೆ ಅದು ದೂರವೇ ಅಲ್ಲ. ತೊಪ್ಪೂರು ಘಾಟಿಯಲ್ಲಿ ಗುಡ್ಡ ಒಂದು ಟವರನ್ನು ಮರೆಮಾಡಿದರೆ ಫೋನ್ ಜಿಲ್ಲೆ ನೋಡದೆ ಇನ್ನೊಂದನ್ನು ಹಿಡಿಯುವಂತೆ, ವುಡ್‌ಲ್ಯಾಂಡ್ಸ್‌ನಲ್ಲಿ ಸಿಂಗಪುರದ ಸಿಗ್ನಲ್ ಕುಸಿದರೆ ಮಲೇಷ್ಯಾದ ಟವರ್ ಹಿಡಿಯಬಹುದು. ಹಾಗಾಗಿ ನಮ್ಮ ಕುಟುಂಬ ಗಡಿಯ ಬಳಿ ಸುತ್ತಾಡಿ, ಮಲೇಷ್ಯಾಕ್ಕೆ ಕಾಲಿಡದೆ ಹಿಂತಿರುಗಿದರೂ 502ರ ಲೆಕ್ಕ ತೆರೆದುಕೊಳ್ಳುವ ಸಾಧ್ಯತೆ ಇದೆ. ಅವರ ಪ್ಯಾಕ್‌ನಲ್ಲಿ ಮಲೇಷ್ಯಾ ಇಲ್ಲ.

ಇದಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ವಾಪಸಾಗುವಾಗಿನದು. ರೋಮಿಂಗ್‌ನಲ್ಲಿರುವ ಫೋನ್ ಆಗಾಗ ಇದಕ್ಕಿಂತ ಒಳ್ಳೆಯ ನೆಟ್‌ವರ್ಕ್ ಇದೆಯೇ ಎಂದು ಹುಡುಕುತ್ತದೆ. ಆದರೆ ನಿಯಮದ ಪ್ರಕಾರ ಆಗ ಹಿಡಿದಿರುವ ದೇಶದೊಳಗೇ ಹುಡುಕುತ್ತದೆ. ಮಲೇಷ್ಯಾದ ಟವರ್‌ಗೆ ಅಂಟಿಕೊಂಡ ಫೋನ್ ಸೇತುವೆ ದಾಟಿ ಸಿಂಗಪುರಕ್ಕೆ ಬಂದ ಮೇಲೂ, ಆ ಸಿಗ್ನಲ್ ಪೂರ್ತಿ ಕಳೆದುಹೋಗುವತನಕ ಅಲ್ಲೇ ಉಳಿಯಬಹುದು. ತಿಳಿಯುವುದು ಸುಲಭ: ಪರದೆಯ ಮೇಲೆ ನೆಟ್‌ವರ್ಕ್‌ನ ಹೆಸರು ನೋಡಿ. Singtel ಅಥವಾ StarHub ಎಂದಿದ್ದರೆ ಸಿಂಗಪುರ, Maxis ಎಂದಿದ್ದರೆ ಮಲೇಷ್ಯಾ. ಗಡಿಯ ಬಸ್ಸು ಹತ್ತುವ ಮೊದಲು ಡೇಟಾ ರೋಮಿಂಗ್ ಆಫ್ ಮಾಡಿ, ಹೋಟೆಲಿನ ಹತ್ತಿರ ಬಂದ ಮೇಲೆ ಹೆಸರು ನೋಡಿ ಆನ್ ಮಾಡಿದರೆ ತೊಂದರೆಯಿಲ್ಲ. ಅಥವಾ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಆಯ್ಕೆಯನ್ನು ಆಟೊಮ್ಯಾಟಿಕ್‌ನಿಂದ ತೆಗೆದು, ಪ್ಯಾಕ್‌ನಲ್ಲಿ ಹೇಳಿದ ಸಿಂಗಪುರದ ಕಂಪನಿಯನ್ನೇ ಕೈಯಾರೆ ಆರಿಸಿ ಇಡಬಹುದು.

ವಿಮಾನ, ಕ್ರೂಸ್ ಹಡಗುಗಳದು ಬೇರೆಯೇ ಲೋಕ. ಅವುಗಳಲ್ಲಿ ಕೆಲವದರೊಳಗೆ ಪುಟ್ಟ ಟವರ್ ಇದ್ದು ಉಪಗ್ರಹದ ಮೂಲಕ ಮಾತಾಡುತ್ತದೆ. ಅದರ ಸಂಕೇತ 901, ಅದು ಯಾವ ದೇಶದ್ದೂ ಅಲ್ಲ. ಆದ್ದರಿಂದ ದೇಶದ ಪ್ಯಾಕ್ ಅಲ್ಲಿ ನಡೆಯುವುದಿಲ್ಲ. ಏರೋಪ್ಲೇನ್ ಮೋಡ್‌ನಲ್ಲಿ ಇಟ್ಟರೆ ಇದರ ಗೊಡವೆಯೇ ಇಲ್ಲ.

ನೆಟ್‌ವರ್ಕನ್ನು ಕೈಯಾರೆ ಆರಿಸಿಟ್ಟವರು ಊರಿಗೆ ಬಂದ ಕೂಡಲೇ ಅದನ್ನು ಆಟೊಮ್ಯಾಟಿಕ್‌ಗೆ ಮರಳಿಸಬೇಕು. ಇಲ್ಲದಿದ್ದರೆ ತಿರುಚಿಯಲ್ಲಿ ಇಳಿದ ಮೇಲೂ ಕೆಲವು ಫೋನ್‌ಗಳು ಸಿಂಗಪುರದ ಕಂಪನಿಯನ್ನೇ ಹುಡುಕುತ್ತಾ 'ನೋ ಸರ್ವಿಸ್' ಎಂದು ತೋರಿಸುತ್ತವೆ. ಸಿಮ್ ಕೆಟ್ಟಿತೆಂದು ಅಂಗಡಿಗೆ ಓಡುವ ಮೊದಲು ಆ ಒಂದು ಸೆಟ್ಟಿಂಗ್ ನೋಡಿದರೆ ಆಯಿತು.