ಮಂಗಳದ 20 ಸೆಕೆಂಡು

ಗಮಕ ವಾಚನದ ಸಭೆಯಲ್ಲಿ ಮಂಗಳ ಶುರುವಾದರೆ ಯಾರೂ ಏಳುವುದಿಲ್ಲ. ಗಮಕಿಗಳು ಮಧ್ಯಮಾವತಿಗೆ ಬರುತ್ತಿದ್ದಂತೆ ಕೈಗಳು ತಾವಾಗಿ ಕೂಡಿಕೊಳ್ಳುತ್ತವೆ. ಆರತಿ ಆಗಬೇಕು, ಪ್ರಸಾದ ಬರಬೇಕು. ಆ ನಡುವೆ ವ್ಯಾಖ್ಯಾನಕಾರರು ಪುಸ್ತಕ ಮುಚ್ಚುತ್ತಾ "ನಾಳೆ ಸುಧನ್ವನ ಪ್ರಸಂಗ, ತಪ್ಪಿಸಬೇಡಿ" ಅಂದರೆ ಆ ಮಾತು ಎಲ್ಲರ ಕಿವಿಗೂ ಬೀಳುತ್ತದೆ. ಅದೇ ಮಂಗಳ ಮೊಬೈಲಿನಲ್ಲಿ ಬಂದಾಗ ಆಗುವುದೇ ಬೇರೆ. ಅಲ್ಲಿ ಪ್ರಸಾದಕ್ಕೆ ಕಾಯುವವರಿಲ್ಲ. ಮುಗಿದ ಕೈಯನ್ನು ಬಿಡಿಸಿ, ಅದೇ ಬೆರಳಿನಿಂದ ವಿಡಿಯೊ ಮುಚ್ಚಿಬಿಡುತ್ತಾರೆ.

ಇದು ನನಗೆ ಗೊತ್ತಾದದ್ದು ನಮ್ಮ ಬಡಾವಣೆಯ ಗಮಕ ಮಂಡಳಿಗಾಗಿ ಜೈಮಿನಿ ಭಾರತದ ವಿಡಿಯೊಗಳನ್ನು ಜೋಡಿಸಲು ಕುಳಿತಾಗ. ಲಕ್ಷ್ಮೀಶನ ಈ ಕಾವ್ಯದಲ್ಲಿ 34 ಸಂಧಿಗಳಿವೆ. ಸಂಧಿಗೊಂದು ವಿಡಿಯೊ ಎಂದು ಲೆಕ್ಕ ಹಾಕಿದೆವು. ವಾಚನ ನಮ್ಮ ಅಕ್ಕನವರದು, ವ್ಯಾಖ್ಯಾನ ನಿವೃತ್ತ ಕನ್ನಡ ಮೇಷ್ಟ್ರದು, ಕತ್ತರಿಸಿ ಜೋಡಿಸಿ ಯೂಟ್ಯೂಬಿಗೆ ಏರಿಸುವ ಕೆಲಸ ನನ್ನದು. ಮೊದಲ ಕೆಲವು ವಿಡಿಯೊಗಳನ್ನು ನಾನು ಮುಗಿಸಿದ ರೀತಿ ಹೀಗಿತ್ತು: ವ್ಯಾಖ್ಯಾನ ಮುಗಿಯಿತು, ಮಂಗಳ ಹಾಡಿದರು, ದೀಪದ ಮೇಲೆ ಚಿತ್ರ ನಿಂತಿತು, ಆಮೇಲೆ ಕಪ್ಪು ಪರದೆಯ ಮೇಲೆ ಮುಂದಿನ ಸಂಧಿಯ ಕಾರ್ಡು. ನೋಡಲು ಅಚ್ಚುಕಟ್ಟಾಗಿಯೇ ಇತ್ತು. ಆದರೆ ಯೂಟ್ಯೂಬ್ ಸ್ಟುಡಿಯೊದಲ್ಲಿ, ಜನ ಯಾವ ಕ್ಷಣದವರೆಗೆ ನೋಡಿದರು ಎಂದು ತೋರಿಸುವ ಗೆರೆಯೊಂದಿದೆ. ವ್ಯಾಖ್ಯಾನದುದ್ದಕ್ಕೂ ಮೆಲ್ಲನೆ ಇಳಿಯುತ್ತಿದ್ದ ಆ ಗೆರೆ ಮಂಗಳದ ಮೊದಲ ಅಕ್ಷರಕ್ಕೇ ದಡಕ್ಕನೆ ಕುಸಿದಿತ್ತು. ನನ್ನ ಕಪ್ಪು ಪರದೆ ಬರುವ ಹೊತ್ತಿಗೆ ಅಲ್ಲಿ ಹೆಚ್ಚುಕಡಿಮೆ ಯಾರೂ ಇರಲಿಲ್ಲ. ಕಾರ್ಡು ತೋರಿಸಿದ್ದೆ, ಖಾಲಿ ಚಾಪೆಗೆ.

ಈ ಕಾರ್ಡುಗಳು ಬರುವ ಯೂಟ್ಯೂಬಿನ ಎಂಡ್ ಸ್ಕ್ರೀನ್‌ಗೆ ಕೆಲವು ಕಟ್ಟುಪಾಡುಗಳಿವೆ. ಅದು ವಿಡಿಯೊದ ಕೊನೆಯ 5ರಿಂದ 20 ಸೆಕೆಂಡಿನೊಳಗೆ ಮಾತ್ರ ಬರುತ್ತದೆ. ವಿಡಿಯೊ ಕನಿಷ್ಠ 25 ಸೆಕೆಂಡಿನದಾಗಿರಬೇಕು. ಸಾಮಾನ್ಯ ಅಗಲದ ವಿಡಿಯೊದಲ್ಲಿ ಹೆಚ್ಚೆಂದರೆ 4 ಅಂಶ ಇಡಬಹುದು, ಅದರಲ್ಲಿ ಒಂದಾದರೂ ವಿಡಿಯೊ ಅಥವಾ ಪ್ಲೇಲಿಸ್ಟ್ ಆಗಿರಬೇಕು. ಕಾರ್ಡುಗಳನ್ನು ಯಾವಾಗ ಬೇಕಾದರೂ ಬದಲಿಸಬಹುದು. ಆದರೆ ಅವುಗಳ ಹಿಂದಿರುವ ಚಿತ್ರವನ್ನು ಒಮ್ಮೆ ಏರಿಸಿದ ಮೇಲೆ ಬದಲಿಸಲಾಗದು. ಹಾಗಾಗಿ ಯೋಚನೆಯೆಲ್ಲ ಚಿತ್ರೀಕರಣದ ದಿನವೇ ಆಗಬೇಕು.

ನಾವು ಕಂಡುಕೊಂಡ ದಾರಿ ಸರಳ. ಮಂಗಳ ಮುಗಿದ ಮೇಲೆ ಕಾರ್ಡು ತೋರಿಸುವುದನ್ನು ಬಿಟ್ಟು, ಮಂಗಳದ ಹೊತ್ತನ್ನೇ ಕಾರ್ಡಿನ ಹೊತ್ತಾಗಿ ಮಾಡಿಕೊಂಡೆವು. ಮುಂದಿನ ಸಂಧಿಯ ಮಾತು ಮಂಗಳಕ್ಕೆ ಮೊದಲೇ ಬಂದುಬಿಡುತ್ತದೆ. ಅಕ್ಕ ಹಾಡುವ ಮಂಗಳ ಒಂದು ನಿಮಿಷಕ್ಕೂ ಮಿಕ್ಕಿತ್ತು. ಅದನ್ನು ಕತ್ತರಿಸಲು ನನಗೆ ಮನಸ್ಸಿರಲಿಲ್ಲ, ಅವರು ಒಪ್ಪುವಂತೆಯೂ ಇರಲಿಲ್ಲ. ಕೊನೆಗೆ ಅವರೇ ಒಂದು ಉಪಾಯ ಹೇಳಿದರು. ಪ್ರತಿ ವಿಡಿಯೊಗೆ ಒಂದೇ ಸಾಲಿನ ಪುಟ್ಟ ಮಂಗಳ, ಕೊನೆಯ ಸಂಧಿಗೆ ಮಾತ್ರ ಪೂರ್ತಿ ಮಂಗಳ. ಸಭೆಯಲ್ಲೂ ಹಾಗೇ ಅಲ್ಲವೇ, ದಿನದ ಮಂಗಳ ಬೇರೆ, ಸಮಾಪ್ತಿಯ ಮಂಗಳ ಬೇರೆ ಎಂದರು. ಗಡಿಯಾರ ಹಿಡಿದು ನೋಡಿದರೆ ಆ ಒಂದು ಸಾಲು, ಎಳೆದು ಹಾಡಿದಾಗ, 18 ಸೆಕೆಂಡು. ನಂತರದ 2 ಸೆಕೆಂಡು ತಂಬೂರಿಯ ನಾದ. ಬೇಕಾದಷ್ಟೇ ಆಯಿತು.

ಇನ್ನು ಚಿತ್ರ. ಮೊದಲೆಲ್ಲ ವ್ಯಾಸಪೀಠ ಪರದೆಯ ನಟ್ಟನಡುವೆ ಇರುತ್ತಿತ್ತು, ಹಿಂದೆ ದೇವರ ಪಟ. ಅದರ ಮೇಲೆ ಕಾರ್ಡು ಕೂರಿಸಿದರೆ ದೇವರ ಮುಖದ ಮೇಲೆ ಚೌಕಟ್ಟು ಬಿದ್ದಂತೆ. ಮೇಷ್ಟ್ರು ಅದನ್ನು ನೋಡಿ ಏನೂ ಹೇಳದೆ ಕನ್ನಡಕ ತೆಗೆದಿಟ್ಟರು, ಅಷ್ಟು ಸಾಕಾಯಿತು. ಈಗ ಮಂಗಳಕ್ಕೆ ಕ್ಯಾಮರಾವನ್ನು ಸ್ವಲ್ಪ ಬಲಕ್ಕೆ ತಿರುಗಿಸುತ್ತೇವೆ. ದೀಪ, ಪೀಠ, ಪಟ ಎಲ್ಲ ಎಡ ಅರ್ಧದಲ್ಲಿ. ಬಲ ಅರ್ಧದಲ್ಲಿ ಬರೀ ಮರೂನ್ ಬಣ್ಣದ ಪರದೆ ಬಟ್ಟೆ. ಅಲ್ಲಿ ಮೇಲೆ ಮುಂದಿನ ಸಂಧಿಯ ಕಾರ್ಡು, ಕೆಳಗೆ ಪೂರ್ತಿ ಮಾಲಿಕೆಯ ಪ್ಲೇಲಿಸ್ಟ್. ಇವೆರಡೂ ಒಂದೇ ಕ್ಷಣಕ್ಕೆ ಮೂಡುವುದಿಲ್ಲ. ಮುಂದಿನ ಸಂಧಿ 20 ಸೆಕೆಂಡೂ ಇರುತ್ತದೆ, ಪ್ಲೇಲಿಸ್ಟ್ ಕೊನೆಯ 8 ಸೆಕೆಂಡಿಗೆ ಮಾತ್ರ. ಮೊದಲು ಒಂದೇ ದಾರಿ ಕಾಣಲಿ ಎಂಬುದು ನನ್ನ ಹಟ. ಸಬ್‌ಸ್ಕ್ರೈಬ್ ಗುಂಡಿಯನ್ನು ಕೊನೆಯ ಸಂಧಿಗೆ ಬಿಟ್ಟು ಬೇರೆಲ್ಲೂ ಇಟ್ಟಿಲ್ಲ. ಕಥೆ ಕೇಳಲು ಬಂದವರನ್ನು ಕಥೆಯ ನಡುವೆ ಸದಸ್ಯತ್ವ ಕೇಳುವುದು ನನಗೆ ಸರಿಕಾಣದು.

ಕಾರ್ಡಿನ ಮೇಲೆ ಕಾಣುವುದು ಮುಂದಿನ ವಿಡಿಯೊದ ಮುಖಚಿತ್ರವೇ. ಫೋನಿನಲ್ಲಿ ಅದು ಹೆಬ್ಬೆರಳಿನ ಉಗುರಿನಷ್ಟು ಆಗುತ್ತದೆ. ಪ್ರಸಂಗದ ಹೆಸರು, ಕವಿಯ ಹೆಸರು, ಮಂಡಳಿಯ ಹೆಸರು ಎಲ್ಲ ತುಂಬಿದ್ದ ನನ್ನ ಮುಖಚಿತ್ರಗಳನ್ನು ಆ ಗಾತ್ರದಲ್ಲಿ ಓದಲು ಆಗುತ್ತಿರಲಿಲ್ಲ. ಈಗ ಸಂಧಿಯ ಸಂಖ್ಯೆ ಒಂದೇ ದಪ್ಪವಾಗಿ, ಹಳದಿಯಲ್ಲಿ. ಎಪ್ಪತ್ತು ದಾಟಿದ ಕಣ್ಣಿಗೆ ಸಂಖ್ಯೆ ಕಂಡರೆ ಸಾಕು.

ಆದರೆ ಕಾರ್ಡನ್ನು ನೋಡಲೇ ಆಗದ ಶ್ರೋತೃಗಳೂ ಇದ್ದಾರೆ. ಬೆಳಿಗ್ಗೆ ಫೋನನ್ನು ಅಡುಗೆಮನೆಯ ಕಟ್ಟೆಗೆ ಒರಗಿಸಿ, ಸೊಪ್ಪು ಬಿಡಿಸುತ್ತಾ ಕೇಳುವವರು ಅವರು. ಹಿನ್ನೆಲೆಯಲ್ಲಿ ಧ್ವನಿ ಮಾತ್ರ ಬರುತ್ತಿದ್ದರೆ ಎಂಡ್ ಸ್ಕ್ರೀನ್ ಬರುವುದೂ ಇಲ್ಲ. ಅವರಿಗಾಗಿ ಮಾತಿನಲ್ಲೇ ದಾರಿ ಹೇಳಬೇಕು. "ಇಲ್ಲಿ ಒತ್ತಿ" ಎಂದರೆ ಅವರಿಗೆ ಏನೂ ತಿಳಿಯದು. "ಮುಂದಿನದು ಹನ್ನೊಂದನೆಯ ಸಂಧಿ" ಎಂದರೆ ಕೈ ಒರೆಸಿಕೊಂಡು ಬಂದು ಹುಡುಕುತ್ತಾರೆ.

ಈ ಮಾತನ್ನು ಹೇಗೆ ಕಟ್ಟಬೇಕೆಂದು ನಮಗೆ ಕಲಿಸಿದ್ದು ಕಾವ್ಯವೇ. ನಮ್ಮ ಷಟ್ಪದಿ ಕಾವ್ಯಗಳಲ್ಲಿ ಸಂಧಿಯ ಆರಂಭಕ್ಕೆ 'ಸೂಚನೆ' ಎಂಬ ಪುಟ್ಟ ಪದ್ಯ ಇರುತ್ತದೆ. ಮುಂದೆ ಏನು ನಡೆಯುತ್ತದೆ ಎಂಬುದನ್ನು ಅದು ಬಚ್ಚಿಡದೆ ಹೇಳಿಬಿಡುತ್ತದೆ. ಧಾರಾವಾಹಿಯವರು ಬಾಗಿಲು ತೆರೆಯುವ ಕ್ಷಣದಲ್ಲಿ ನಿಲ್ಲಿಸಿ ನಾಳೆ ಬನ್ನಿ ಅನ್ನುತ್ತಾರೆ. ಕಾವ್ಯ ಹಾಗೆ ಮಾಡುವುದಿಲ್ಲ. ಕಥೆ ಗೊತ್ತಿದ್ದೂ ಕೇಳಲು ಬರುವವರಿಗಾಗಿ ಬರೆದದ್ದು ಅದು. ಮೇಷ್ಟ್ರು ಈಗ ಮಂಗಳಕ್ಕೆ ಮುಂಚೆ ಮುಂದಿನ ಸಂಧಿಯ ಸೂಚನೆಯ ಅರ್ಥವನ್ನು ಎರಡು ವಾಕ್ಯದಲ್ಲಿ ಹೇಳುತ್ತಾರೆ. ಆಮೇಲೆ "ಹೇಳಿದವರಿಗೂ ಕೇಳಿದವರಿಗೂ ಮಂಗಳವಾಗಲಿ" ಎಂದು ತಲೆಬಾಗುತ್ತಾರೆ. ಅಕ್ಕ ಶ್ರುತಿ ಹಿಡಿಯುತ್ತಾರೆ. ಕಾರ್ಡು ಮೂಡುತ್ತದೆ.

ಇಂಥ ಸೂಚನೆಯ ಬೆಲೆ ನಮಗೆ ಅರಿವಾದದ್ದು ಬಭ್ರುವಾಹನನ ಭಾಗದಲ್ಲಿ. ಅರ್ಜುನನಿಗೂ ಮಗ ಬಭ್ರುವಾಹನನಿಗೂ ಯುದ್ಧದ ಮಾತು ನಡೆಯುತ್ತಿರುವಾಗ ಕಾವ್ಯ ಥಟ್ಟನೆ ಬೇರೆ ಕಡೆಗೆ ಹೊರಳುತ್ತದೆ. ತಂದೆ ಮಕ್ಕಳ ಕಾಳಗ ಹಿಂದೆ ರಾಮನಿಗೂ ಕುಶಲವರಿಗೂ ಆಗಿತ್ತು ಎಂಬ ಮಾತು ಬರುತ್ತದೆ. ಜನಮೇಜಯ ಅದನ್ನು ಕೇಳಬಯಸುತ್ತಾನೆ, ಜೈಮಿನಿ ಮುನಿ ಸೀತಾ ಪರಿತ್ಯಾಗದಿಂದ ಹೇಳತೊಡಗುತ್ತಾನೆ. ಪುಸ್ತಕದಲ್ಲಿ ಓದುವವರಿಗೆ ಈ ತಿರುವು ತಿಳಿಯುತ್ತದೆ. ವಿಡಿಯೊದಲ್ಲಿ ನೋಡಿದರೆ? ಮಣಿಪುರದಲ್ಲಿ ಅರ್ಜುನನ ರಥ ನಿಂತಿತ್ತು, ಮುಂದಿನದನ್ನು ಒತ್ತಿದರೆ ಅಯೋಧ್ಯೆ. ತಪ್ಪು ವಿಡಿಯೊ ಬಂತೆಂದು ಹಲವರು ಹಿಂದೆ ಹೋದರು. ಒಬ್ಬ ಹಿರಿಯರು ಮಂಡಳಿಯ ಕಾರ್ಯದರ್ಶಿಗೆ ಫೋನ್ ಮಾಡಿ "ನಿಮ್ಮ ಹುಡುಗ ರಾಮಾಯಣವನ್ನು ತಂದು ಇಲ್ಲಿ ಅಂಟಿಸಿದ್ದಾನೆ" ಎಂದರು. ತಪ್ಪು ಅವರದಲ್ಲ. ನಾವು ಆ ವಿಡಿಯೊವನ್ನು ಹೊಸದಾಗಿ ಮುಗಿಸಿ ಮತ್ತೆ ಏರಿಸಿದೆವು. ಮೇಷ್ಟ್ರು ಹೇಳಿದ್ದು ಇಷ್ಟು: "ಅರ್ಜುನನ ಕಥೆ ಇಲ್ಲೇ ನಿಂತಿರಲಿ. ಇಂಥದೇ ಕಾಳಗ ರಾಮನ ಕಾಲದಲ್ಲೂ ನಡೆಯಿತು. ಅದನ್ನು ಕೇಳಿಕೊಂಡು ಮತ್ತೆ ಮಣಿಪುರಕ್ಕೆ ಬರೋಣ."

ಮಂಗಳ ಎಲ್ಲಿ ಹಾಡಬೇಕು ಎಂಬ ಪ್ರಶ್ನೆಯೂ ಈ ಭಾಗದಲ್ಲೇ ಎದ್ದಿತು. ಮುಂದೆ ಬಭ್ರುವಾಹನನ ಬಾಣಕ್ಕೆ ಅರ್ಜುನನ ತಲೆ ಉರುಳುತ್ತದೆ. ನೋಡುಗರನ್ನು ಹಿಡಿದಿಡಲು ಅಲ್ಲಿಗೇ ನಿಲ್ಲಿಸಿದರೆ ಒಳ್ಳೆಯದು ಎಂದು ನನಗೆ ಅನ್ನಿಸಿತ್ತು. ಅಕ್ಕ ಹಾಡಲು ಒಪ್ಪಲಿಲ್ಲ. ಸಾವಿನ ಪದ್ಯದ ಬೆನ್ನಿಗೆ ಮಂಗಳ ಹಾಡುವ ರೂಢಿ ಇಲ್ಲ, ಶುಭದ ಮಾತು ಬರುವವರೆಗೆ ಓದಿ ನಿಲ್ಲಿಸಬೇಕು ಎಂದರು. ಹಾಗೆ ಮಾಡಿದ್ದರಿಂದ ಆ ವಿಡಿಯೊ ಉದ್ದವಾಯಿತು, ಸಂಧಿಗೊಂದು ವಿಡಿಯೊ ಎಂಬ ಲೆಕ್ಕವೂ ಅಲ್ಲಿ ಸ್ವಲ್ಪ ಸಡಿಲವಾಯಿತು. ನಾಗಲೋಕದ ಸಂಜೀವಕ ಮಣಿಯಿಂದ ಅರ್ಜುನ ಬದುಕುವನೆಂಬ ಭರವಸೆ ಸಿಕ್ಕ ಮೇಲೆ ಹಾಡಿದ ಆ ಮಂಗಳವನ್ನು ಕೇಳಿದರೆ, ಅಕ್ಕ ಹೇಳಿದ್ದೇ ಸರಿ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಇನ್ನು ತಾಂತ್ರಿಕವಾಗಿ ಎಡವುವ ಜಾಗಗಳು. ಹತ್ತನೆಯ ಸಂಧಿ ಏರಿಸುವ ದಿನ ಹನ್ನೊಂದನೆಯದು ಇನ್ನೂ ಇರುವುದಿಲ್ಲ. ಆಗ ಕಾರ್ಡಿಗೆ Most recent upload ಎಂದು ಕೊಟ್ಟುಬಿಡುವುದು ಸುಲಭ. ನಾನೂ ಹಾಗೇ ಮಾಡಿದ್ದೆ. ಮಾಲಿಕೆ ಮುಂದೆ ಹೋದಂತೆ ಒಂದನೆಯ ಸಂಧಿ ಮುಗಿಸಿದವರನ್ನು ಆ ಕಾರ್ಡು ನೇರ ಹದಿನೈದನೆಯದಕ್ಕೆ ಒಯ್ಯುತ್ತಿತ್ತು. ಈಗ ಏರಿಸುವ ದಿನ ಪ್ಲೇಲಿಸ್ಟ್ ಮಾತ್ರ ಇಡುತ್ತೇನೆ. ಮುಂದಿನ ಸಂಧಿ ಬಂದ ದಿನವೇ ಹಿಂದಿನದಕ್ಕೆ ಹೋಗಿ Choose specific video ಒತ್ತಿ ಕಾರ್ಡು ಕೂರಿಸುತ್ತೇನೆ. ಪ್ಲೇಲಿಸ್ಟಿನ ಕ್ರಮವನ್ನೂ ನೋಡಿಕೊಳ್ಳಬೇಕು. ಹೊಸದು ಮೇಲೆ ಬರುವಂತೆ ಇದ್ದರೆ ಕಥೆ ಹಿಂದುಮುಂದಾಗಿ ಓಡುತ್ತದೆ.

ವಾಟ್ಸ್ಆ್ಯಪ್‌ನಲ್ಲಿ ಹಂಚುವ ಕೊಂಡಿಯ ಕಡೆಗೂ ಗಮನ ಬೇಕು. ಬರೀ ವಿಡಿಯೊದ ಕೊಂಡಿ ಕಳಿಸಿದರೆ ಅದು ಮುಗಿದ ಮೇಲೆ ತಾನಾಗಿ ಏನು ಬರುತ್ತದೋ ಹೇಳಲಾಗದು. ಕೊಂಡಿಯಲ್ಲಿ ಪ್ಲೇಲಿಸ್ಟಿನ ಗುರುತೂ ಇದ್ದರೆ, ಕಾರ್ಡು ಒತ್ತದವರಿಗೂ ಮುಂದಿನ ಸಂಧಿಯೇ ಬರುತ್ತದೆ:

```
https://www.youtube.com/watch?v=VIDEO_ID&list=PLAYLIST_ID
```

ಚಂದ್ರಹಾಸನ ಸಂಧಿಗಳಲ್ಲಿ ಇನ್ನೊಂದು ತೊಡಕಾಯಿತು. ಮಕ್ಕಳೂ ಇಷ್ಟಪಡುವ ಕಥೆಯಲ್ಲವೇ ಎಂದು ಏರಿಸುವಾಗ 'ಮಕ್ಕಳಿಗಾಗಿ ಮಾಡಿದ್ದು' ಎಂಬ ಆಯ್ಕೆಯನ್ನು ಗುರುತು ಮಾಡಿದ್ದೆ. ಎಂಡ್ ಸ್ಕ್ರೀನ್ ಇಡುವ ದಾರಿಯೇ ಮುಚ್ಚಿಹೋಯಿತು. ಆ ಗುರುತು ಬಿದ್ದ ವಿಡಿಯೊಗೆ ಕಾರ್ಡೂ ಇಲ್ಲ, ಕೊನೆಯ ಪರದೆಯೂ ಇಲ್ಲ. ಮಕ್ಕಳು ಕೇಳಬಹುದಾದ ಕಥೆ ಬೇರೆ, ಮಕ್ಕಳನ್ನೇ ಉದ್ದೇಶಿಸಿ ಮಾಡಿದ್ದು ಬೇರೆ. ನಮ್ಮದು ಎಲ್ಲ ವಯಸ್ಸಿನವರಿಗೆ ಮಾಡಿದ ವಾಚನ. ಆಯ್ಕೆ ಬದಲಿಸಿದ ಮೇಲೆ ಕಾರ್ಡು ಇಡಲು ಸಾಧ್ಯವಾಯಿತು.

ಕೊನೆಗೆ 34ನೆಯ ಸಂಧಿ ಬಂತು. ಅಂದು ಅಕ್ಕ ಪೂರ್ತಿ ಮಂಗಳ ಹಾಡಿದರು, ಒಂದು ನಿಮಿಷಕ್ಕೂ ಮಿಕ್ಕಿ. ಕೊನೆಯ 20 ಸೆಕೆಂಡಿಗೆ ಬಲಗಡೆಯ ಮರೂನ್ ಬಟ್ಟೆ ಖಾಲಿ ಇತ್ತು, ಅಲ್ಲಿ ಏನು ಇಡಬೇಕೆಂದು ನನಗೆ ತೋಚಲಿಲ್ಲ. ಮೇಷ್ಟ್ರನ್ನು ಕೇಳಿದೆ. ಅವರ ಮನೆಯಲ್ಲಿ ಪಾರಾಯಣ ಮುಗಿದ ದಿನ ಪುಸ್ತಕವನ್ನು ಹಾಗೇ ಕಟ್ಟಿಡುವುದಿಲ್ಲವಂತೆ. ಮೊದಲ ಪುಟ ತೆರೆದು ಒಂದೆರಡು ಪದ್ಯ ಓದಿ, ಆಮೇಲೆ ವಸ್ತ್ರ ಸುತ್ತುತ್ತಾರಂತೆ. ಆ ಜಾಗದಲ್ಲಿ ಈಗ ಹಳದಿಯ ದಪ್ಪ ಅಕ್ಷರದಲ್ಲಿ 1 ಎಂದಿದೆ.